ಎರಡು ಮೀಟರಿನ ಪನ್ನ

ನಮ್ಮ ತಾಯಿಯವರು ಒಂದು ಕಾಲದಲ್ಲಿ ಮನೆಯ ಹೆಣ್ಣುಮಕ್ಕಳ ಲಂಗ ರವಿಕೆಗಳನ್ನೆಲ್ಲ ತಾವೇ ಕತ್ತರಿಸಿ ತಾವೇ ಹೊಲಿಯುತ್ತಿದ್ದರು. ಅಂಗಡಿಯವನು ಬಟ್ಟೆಯ ಥಾನನ್ನು ಬಿಚ್ಚಿ ಹಲಗೆಯ ಮೇಲೆ ಹರಡಿದೊಡನೆ, ಬೆಲೆಯನ್ನು ಕೇಳುವುದಕ್ಕೂ ಮೊದಲು ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ: "ಪನ್ನ ಎಷ್ಟಪ್ಪ?" ಪನ್ನವೆಂದರೆ ಬಟ್ಟೆಯ ಅಗಲ. ಉದ್ದವು ಕೊಳ್ಳುವವರ ಇಚ್ಛೆಗೆ ಸೇರಿದ್ದು, ಒಂದು ಗಜವನ್ನಾದರೂ ಕೊಳ್ಳಬಹುದು, ಹತ್ತು ಗಜವನ್ನಾದರೂ ಕೊಳ್ಳಬಹುದು. ಅಗಲವನ್ನು ಮಾತ್ರ ಮಗ್ಗವು ಎಂದೋ ನಿರ್ಣಯಿಸಿಬಿಟ್ಟಿರುತ್ತದೆ. ಆ ನಿರ್ಣಯಕ್ಕೆ ಒಳಪಟ್ಟು, ತೋಳು ಎಲ್ಲಿಂದ ಬರಬೇಕು, ಬೆನ್ನು ಎಲ್ಲಿಂದ ಬರಬೇಕು, ಅಂಚಿನಲ್ಲಿ ಉಳಿಯುವ ಪಟ್ಟಿಯಿಂದ ಚಿಕ್ಕವಳಿಗೆ ಏನಾದರೂ ಆದೀತೆ ಎಂದು ಮನಸ್ಸಿನಲ್ಲಿಯೇ ಬಟ್ಟೆಯನ್ನು ಹಾಸಿ ನೋಡಿದ ಮೇಲೆಯೇ ಅವರು "ಎರಡೂ ಕಾಲು ಹರಿ" ಎಂದು ಹೇಳುತ್ತಿದ್ದುದು. ಆ ವಿದ್ಯೆಯು ನಲವತ್ತು ವರ್ಷಗಳ ತರುವಾಯ ನನ್ನ ಕೆಲಸಕ್ಕೆ ಬಂದೀತೆಂದು, ಅದೂ ಬಟ್ಟೆಗಲ್ಲದೆ ನೆಲಕ್ಕೆ ಬಂದೀತೆಂದು ನಾನು ಭಾವಿಸಿರಲಿಲ್ಲ.

ಮೈಸೂರಿನ ನಮ್ಮ ಮನೆ ಹಳೆಯದು. ಅದರ ರೆಡ್ ಆಕ್ಸೈಡ್ ನೆಲವು ಒಂದಾನೊಂದು ದಿನ ಮುಖ ಕಾಣುವಂತೆ ಹೊಳೆಯುತ್ತಿದ್ದುದು, ಈಚೆಗೆ ಅಲ್ಲಲ್ಲಿ ಬಿರುಕುಬಿಟ್ಟು, ಸಿಮೆಂಟು ತೇಪೆಗಳಿಂದ ಮಚ್ಚೆಮಚ್ಚೆಯಾಗಿ, ಮಾಗಿಯ ಬೆಳಗಿನಲ್ಲಿ ತಾಯಿಯವರ ಕಾಲುಗಳಿಗೆ ಸಹಿಸಲಾಗದಷ್ಟು ತಣ್ಣಗಾಗುತ್ತಿತ್ತು. ನೆಲವನ್ನು ಒಡೆದು ಟೈಲ್ಸ್ ಹಾಕಿಸೋಣವೆಂದರೆ, ಎಂಬತ್ತು ದಾಟಿದ ಜೀವವನ್ನು ಆ ಧೂಳಿನಲ್ಲಿ ಇಡುವುದೂ ಕಷ್ಟ, ಎಲ್ಲಿಗಾದರೂ ಕಳುಹಿಸುವುದೂ ಕಷ್ಟ. ಕಡೆಗೆ ಬಿರುಕುಗಳನ್ನು ತುಂಬಿ, ನೆಲವನ್ನು ಸಮಮಾಡಿ, ಅದರ ಮೇಲೆ ವಿನೈಲ್ ಹಾಸನ್ನು ಅಂಟಿಸುವುದೆಂದು ನಿಶ್ಚಯವಾಯಿತು. ಸಮಮಾಡುವ ಕೆಲಸವನ್ನು ಅಲಕ್ಷಿಸುವಂತಿಲ್ಲ. ತೆಳುವಾದ ಹಾಸಿನ ಕೆಳಗೆ ಒಂದು ಮರಳಿನ ಕಣವಿದ್ದರೂ ಕೆಲವು ತಿಂಗಳಲ್ಲಿ ಅದು ಮೇಲೆ ಮೊಳೆಯಂತೆ ಎದ್ದು ಕಾಣುತ್ತದೆ. ಆದರೆ ನಾನು ಈಗ ಹೇಳಹೊರಟಿರುವುದು ಆ ಕೆಲಸದ ವಿಷಯವನ್ನಲ್ಲ. ಸುರುಳಿಯಿಂದ ಎಷ್ಟು ಉದ್ದವನ್ನು ಕತ್ತರಿಸಿಕೊಳ್ಳಬೇಕು, ಅದನ್ನು ಹೇಗೆ ಹಂಚಬೇಕು ಎಂಬ ವಿಷಯವನ್ನು.

ನಾವು ಆರಿಸಿದ ವಿನೈಲ್ ಸುರುಳಿಯ ಅಗಲ 2 ಮೀಟರ್. ಹಾಸಬೇಕಾಗಿದ್ದ ಕೋಣೆಗಳು ನಾಲ್ಕು: ನಡುಮನೆಯು 4.60ಕ್ಕೆ 3.80 ಮೀಟರ್, ಮಲಗುವ ಕೋಣೆಯು 3.40ಕ್ಕೆ 3.00, ಇವೆರಡನ್ನೂ ಕೂಡಿಸುವ ಪ್ಯಾಸೇಜು 3.70 ಉದ್ದ, 1.00 ಅಗಲ, ಉಗ್ರಾಣವು 1.60ಕ್ಕೆ 1.50. ಈ ಅಂಕಿಗಳನ್ನು ಬರೆದಷ್ಟು ಸುಲಭವಾಗಿ ಅಳೆಯಲಾಗಲಿಲ್ಲ. ಹಳೆಯ ಮನೆಯ ಗೋಡೆಗಳು ಕಣ್ಣಿಗೆ ನೆಟ್ಟಗೆ ಕಾಣುತ್ತವೆಯೇ ಹೊರತು ಟೇಪಿಗೆ ಕಾಣುವುದಿಲ್ಲ. ನಡುಮನೆಯ ಅಗಲವು ಒಂದು ತುದಿಯಲ್ಲಿ 3.77, ನಡುವೆ 3.79, ಇನ್ನೊಂದು ತುದಿಯಲ್ಲಿ 3.80 ಆಗಿತ್ತು. ಇಂಥಲ್ಲಿ ಸರಾಸರಿಯನ್ನು ತೆಗೆದುಕೊಳ್ಳತಕ್ಕದ್ದಲ್ಲ; ಮೂರು ಕಡೆ ಅಳೆದು ಅತ್ಯಂತ ದೊಡ್ಡ ಅಳತೆಯನ್ನೇ ಹಿಡಿಯಬೇಕು, ಏತಕ್ಕೆಂದರೆ ಹೆಚ್ಚಾದುದನ್ನು ಕತ್ತರಿಸಬಹುದು, ಕಡಮೆಯಾದುದನ್ನು ಎಳೆದು ಉದ್ದಮಾಡಲಾಗದು. ಬಾಗಿಲುವಾಡದ ಒಳಗೆ ನೆಲವು ಹೊಸ್ತಿಲವರೆಗೂ ಚಾಚಿಕೊಂಡಿರುವುದನ್ನೂ ಮರೆಯದೆ, ಅಳತೆಯನ್ನು ಗೋಡೆಗೆ ನಿಲ್ಲಿಸದೆ ಹೊಸ್ತಿಲಿನವರೆಗೆ ಒಯ್ಯಬೇಕು.

ಇನ್ನು ಮಾರ್ಜಿನ್ನಿನ ಮಾತು. ದರ್ಜಿಯು ಹೊಲಿಗೆಗೆಂದು ಬಟ್ಟೆ ಬಿಡುವಂತೆಯೇ ಇಲ್ಲಿಯೂ ಬಿಡಬೇಕಾಗುತ್ತದೆ. ಪ್ರತಿಯೊಂದು ಗೋಡೆಯ ಬುಡದಲ್ಲಿಯೂ 5 ಸೆಂಟಿಮೀಟರ್ ಹಾಸು ಗೋಡೆಯನ್ನು ಹತ್ತಿ ನಿಲ್ಲುವಂತೆ ಬಿಟ್ಟು, ಆಮೇಲೆ ಮೂಲೆಗೆ ಒತ್ತಿ ಕತ್ತರಿಸಿದರೆ ಮಾತ್ರ ಅದು ಸೊಟ್ಟ ಗೋಡೆಯನ್ನು ಅನುಸರಿಸಿ ಕೂರುತ್ತದೆ. ಎರಡು ಪಟ್ಟಿಗಳು ಕೂಡುವೆಡೆಯಲ್ಲಿ ಒಂದರ ಅಂಚನ್ನು ಇನ್ನೊಂದರ ಮೇಲೆ 5 ಸೆಂಟಿಮೀಟರ್ ಏರಿಸಿ, ಉಕ್ಕಿನ ಅಳತೆಪಟ್ಟಿಯನ್ನಿಟ್ಟು, ಎರಡನ್ನೂ ಒಂದೇ ಸಲಕ್ಕೆ ಚಾಕುವಿನಿಂದ ಸೀಳಿ, ಮೇಲಿನ ಚೂರನ್ನೂ ಕೆಳಗಿನ ಚೂರನ್ನೂ ತೆಗೆದುಬಿಟ್ಟರೆ ಎರಡು ಅಂಚುಗಳೂ ಕೂದಲೆಳೆ ಹಾಯದಷ್ಟು ಹತ್ತಿರವಾಗಿ ಕೂಡುತ್ತವೆ. ಈ ಎರಡು ಮಾರ್ಜಿನ್ನುಗಳನ್ನೂ ಕಳೆದರೆ 2 ಮೀಟರಿನ ಒಂದು ಪಟ್ಟಿಯು ನಿಜವಾಗಿ ಮುಚ್ಚುವುದು 1.90 ಮೀಟರನ್ನು, ಎರಡು ಪಟ್ಟಿಗಳು ಮುಚ್ಚುವುದು 3.85ನ್ನು, ಮೂರು ಪಟ್ಟಿಗಳು 5.80ನ್ನು. ಉದ್ದದಲ್ಲಿಯೂ ಹಾಗೆಯೇ, ಕೋಣೆಯ ಅಳತೆಗೆ 10 ಸೆಂಟಿಮೀಟರ್ ಕೂಡಿಸಿಯೇ ಪಟ್ಟಿಯನ್ನು ಕತ್ತರಿಸಬೇಕು. ಮುಂದಿನ ಲೆಕ್ಕವೆಲ್ಲ ಇಷ್ಟರ ಮೇಲೆಯೇ ನಿಂತಿದೆ.

ನಾನು ಮೊದಲು ಮಾಡಿದುದು ಯಾರಾದರೂ ಮಾಡುವಂಥ ಲೆಕ್ಕ: ಒಂದೊಂದು ಕೋಣೆಯನ್ನೂ ಬೇರೆಬೇರೆಯಾಗಿ ಎದುರಿಗಿಟ್ಟುಕೊಂಡು, ಅದಕ್ಕೆ ಅತ್ಯಂತ ಕಡಮೆ ಯಾವ ರೀತಿಯಲ್ಲಿ ಹಿಡಿಯುತ್ತದೆಂದು ಹುಡುಕುವುದು. ನಡುಮನೆಯಲ್ಲಿ ಪಟ್ಟಿಗಳನ್ನು ಉದ್ದಕ್ಕೆ ಹಾಸಿದರೆ 3.80ರ ಅಗಲವನ್ನು ಎರಡೇ ಪಟ್ಟಿಗಳು ಮುಚ್ಚುತ್ತವೆ, ಒಂದೊಂದೂ 4.70, ಒಟ್ಟು 9.40 ಮೀಟರ್. ಅಡ್ಡಕ್ಕೆ ಹಾಸಿದರೆ 4.60ನ್ನು ಮುಚ್ಚಲು ಮೂರು ಪಟ್ಟಿಗಳು ಬೇಕು, ಒಂದೊಂದೂ 3.90, ಒಟ್ಟು 11.70. ಉದ್ದಕ್ಕೆ ಹಾಸುವುದೇ ಲಾಭವೆಂಬುದರಲ್ಲಿ ಸಂಶಯವೇ ಇರಲಿಲ್ಲ. ಮಲಗುವ ಕೋಣೆಯಲ್ಲಿ ಯಾವ ದಿಕ್ಕಿಗೆ ಹಾಸಿದರೂ ಎರಡೇ ಪಟ್ಟಿಗಳಾದುದರಿಂದ, 3.00 ಮೀಟರಿನ ದಿಕ್ಕಿಗೆ ಹಾಸಿದರೆ 6.20ರಲ್ಲಿ ಮುಗಿಯುತ್ತಿತ್ತು, 3.40ರ ದಿಕ್ಕಿಗೆ ಹಾಸಿದರೆ 7.00 ಹಿಡಿಯುತ್ತಿತ್ತು. ಸದಾ ಕಾಲು ಸವೆಯುವ ಪ್ಯಾಸೇಜಿನಲ್ಲಿ ಅಡ್ಡ ಜಾಯಿಂಟು ಬರಬಾರದೆಂದು ಅದನ್ನು ಉದ್ದಕ್ಕೇ ಹಾಸುವುದಾದರೆ 3.80, ಉಗ್ರಾಣಕ್ಕೆ 1.60. ಎಲ್ಲ ಕೂಡಿ 21 ಮೀಟರ್. ಪ್ರತಿಯೊಂದು ಕೋಣೆಗೂ ಸಾಧ್ಯವಾದಷ್ಟು ಕಡಮೆಯನ್ನೇ ಆರಿಸಿದ್ದುದರಿಂದ ಒಟ್ಟು ಮೊತ್ತವೂ ಸಾಧ್ಯವಾದಷ್ಟು ಕಡಮೆಯದೇ ಆಗಿರಬೇಕೆಂದು ನಾನು ನಂಬಿದೆನು. ಆ ನಂಬಿಕೆ ತಪ್ಪು.

ಅದು ತಪ್ಪೆಂಬುದು ಕಾಣಿಸಿದ್ದು ಕಾಗದದ ಮೇಲೆ. ಒಂದು ಮೀಟರಿಗೆ 2 ಸೆಂಟಿಮೀಟರ್ ಎಂಬ ಪ್ರಮಾಣದಲ್ಲಿ ಕೋಣೆಗಳನ್ನು ಗ್ರಾಫ್ ಕಾಗದದ ಮೇಲೆ ಬರೆದು, ಅದೇ ಪ್ರಮಾಣದಲ್ಲಿ 4 ಸೆಂಟಿಮೀಟರ್ ಅಗಲದ, 42 ಸೆಂಟಿಮೀಟರ್ ಉದ್ದದ ಒಂದು ಕಾಗದದ ರಿಬ್ಬನ್ನನ್ನು ಕತ್ತರಿಸಿಕೊಂಡೆನು; ಅದೇ ನನ್ನ 21 ಮೀಟರಿನ ಸುರುಳಿ. ರಿಬ್ಬನ್ನಿನಿಂದ ಒಂದೊಂದು ಪಟ್ಟಿಯನ್ನೂ ಕತ್ತರಿಸಿ ಕೋಣೆಗಳಲ್ಲಿ ಅಂಟಿಸುತ್ತ ಹೋದಂತೆ, ಮಿಕ್ಕ ಚೂರುಗಳು ಮೇಜಿನ ಒಂದು ಬದಿಯಲ್ಲಿ ಕೂಡಿಕೊಂಡವು. ಲೆಕ್ಕದ ಪುಸ್ತಕದಲ್ಲಿ ಎಲ್ಲಿಯೂ ಕಾಣದಿದ್ದ ಆ ಚೂರುಗಳು ಮೇಜಿನ ಮೇಲೆ ಕಣ್ಣಿಗೆ ರಾಚುವಂತಿದ್ದವು. ಪ್ಯಾಸೇಜಿಗೆ ಬೇಕಾಗಿದ್ದುದು ಮಾರ್ಜಿನ್ ಸೇರಿ 1.10 ಅಗಲ; ಅದರ ಪಕ್ಕದಿಂದ 90 ಸೆಂಟಿಮೀಟರ್ ಅಗಲದ, 3.80 ಉದ್ದದ ಒಂದು ನೀಳವಾದ ಪಟ್ಟಿ ಹಾಗೆಯೇ ಬಿದ್ದುಹೋಗುತ್ತಿತ್ತು. ತಾಯಿಯವರು ಅದನ್ನು ಬೆರಳಿನಿಂದ ಎತ್ತಿ, ನಡುವೆ ಮಡಿಸಿ, ಎರಡು ತುಂಡುಗಳನ್ನು ಪಕ್ಕಪಕ್ಕದಲ್ಲಿಟ್ಟು, "ಇದರಲ್ಲಿ ಉಗ್ರಾಣ ಆಗೋಲ್ವೇನೋ?" ಎಂದು ಕೇಳಿದರು. ಆಗುತ್ತಿತ್ತು. ಉಗ್ರಾಣಕ್ಕೆ 1.70 ಉದ್ದದ ಎರಡು ತುಂಡುಗಳು, ಕೂಡಿಸಿ ಮಾರ್ಜಿನ್ ಕಳೆದರೆ 1.65 ಅಗಲ, ಬೇಕಾಗಿದ್ದುದು 1.50. ಉಗ್ರಾಣದ ನಡುವೆ ಒಂದು ಜಾಯಿಂಟು ಬರುವುದೊಂದನ್ನು ಬಿಟ್ಟರೆ ಬೇರೆ ತೊಂದರೆಯಿಲ್ಲ. ಆ ಜಾಯಿಂಟಿನ ಮೇಲೆ ಅಕ್ಕಿಯ ಡಬ್ಬ ಕೂರುತ್ತದೆ. ಹೀಗೆ 21 ಮೀಟರ್ 19.40ಕ್ಕೆ ಇಳಿಯಿತು. ನನಗೆ ಬಹಳ ಸಂತೋಷವಾಯಿತು.

ಮಾರನೆಯ ದಿನ ಬಂದ ಮೇಸ್ತ್ರಿಗಳು ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮೂವತ್ತು ವರ್ಷ ಕಚೇರಿಗಳಲ್ಲಿ, ಆಸ್ಪತ್ರೆಗಳಲ್ಲಿ, ಕಲ್ಯಾಣಮಂಟಪಗಳಲ್ಲಿ ಹಾಸು ಹಾಕಿದ ಕೈ ಅವರದು. "ಚೆನ್ನಾಗಿದೆ ಸ್ವಾಮಿ. ಆದರೆ ನಡುಮನೇನ ಅಡ್ಡಕ್ಕೆ ಹಾಕಿ ಒಂದ್ಸಲ ನೋಡಿ," ಎಂದರು.

"ಅಡ್ಡಕ್ಕೆ ಹಾಕಿದರೆ ಮೂರು ಪಟ್ಟಿ ಬೇಕಲ್ಲ ಮೇಸ್ತ್ರಿಗಳೆ? ಎರಡು ಮೀಟರಿಗಿಂತಲೂ ಹೆಚ್ಚು ದಂಡವಾಗುತ್ತದೆ."

"ಮೂರನೇ ಪಟ್ಟೀಲಿ ನಡುಮನೆಗೆ ಎಷ್ಟು ಬೇಕು, ಅದನ್ನ ನೋಡಿ. ಮಿಕ್ಕಿದ್ದು ಎಲ್ಲಿಗೆ ಹೋಗುತ್ತೆ?"

ನೋಡಿದೆನು. 4.60 ಮೀಟರನ್ನು ಮುಚ್ಚಲು ಗೋಡೆಯ ಮಾರ್ಜಿನ್, ಎರಡು ಜಾಯಿಂಟುಗಳ ಮಾರ್ಜಿನ್ ಎಲ್ಲ ಸೇರಿ ಬೇಕಾಗುವ ಅಗಲ 4.80, ಮೂರು ಪಟ್ಟಿಗಳ ಅಗಲ 6 ಮೀಟರ್. ಎಂದರೆ ಮೂರನೆಯ ಪಟ್ಟಿಯಲ್ಲಿ ನಡುಮನೆಯು ಬಳಸಿಕೊಳ್ಳುವುದು 80 ಸೆಂಟಿಮೀಟರನ್ನು ಮಾತ್ರ, ಉಳಿಯುವುದು 1.20 ಅಗಲದ, 3.90 ಉದ್ದದ ಒಂದು ಅಖಂಡವಾದ ಪಟ್ಟಿ. ಪ್ಯಾಸೇಜಿಗೆ ಬೇಕಾದುದು 1.10 ಅಗಲ, 3.80 ಉದ್ದ! ನಡುಮನೆಗೆ ನಷ್ಟವೆಂದು ನಾನು ತಳ್ಳಿಹಾಕಿದ್ದ ಹಾಸಿಕೆಯ ಒಡಲಿನಲ್ಲಿಯೇ ಇಡೀ ಪ್ಯಾಸೇಜು ಅಡಗಿ ಕುಳಿತಿತ್ತು. ನಡುಮನೆಗೆ 9.40, ಪ್ಯಾಸೇಜಿಗೆ 3.80, ಒಟ್ಟು 13.20 ಎಂದು ನಾನು ಎಣಿಸಿದ್ದ ಕಡೆ 11.70ಕ್ಕೆ ಎರಡೂ ಮುಗಿಯುತ್ತಿದ್ದವು.

ಆದರೆ ಪ್ಯಾಸೇಜು ಹೀಗೆ ನಡುಮನೆಯೊಳಗೆ ಸೇರಿಹೋದ ಮೇಲೆ, ನನ್ನ ತಾಯಿಯವರು ಪ್ಯಾಸೇಜಿನ ಉಳಿಕೆಯಿಂದ ಬಿಡಿಸಿಕೊಂಡಿದ್ದ ಉಗ್ರಾಣವು ಮತ್ತೆ ಅನಾಥವಾಯಿತು. ಆಗ ಮೇಸ್ತ್ರಿಗಳು ಮಲಗುವ ಕೋಣೆಯ ಚಿತ್ರವನ್ನೂ ಕಾಲು ಸುತ್ತು ತಿರುಗಿಸಿದರು. 3.00ರ ದಿಕ್ಕಿಗೆ ಹಾಸಿದಾಗ ಪಕ್ಕದಲ್ಲಿ ಉಳಿಯುತ್ತಿದ್ದುದು 45 ಸೆಂಟಿಮೀಟರ್ ಅಗಲದ ಪಟ್ಟಿ, ಯಾವ ಕೋಣೆಗೂ ಸಲ್ಲದ್ದು. 3.40ರ ದಿಕ್ಕಿಗೆ ಹಾಸಿದರೆ ಹಿಡಿಯುವುದೇನೋ 80 ಸೆಂಟಿಮೀಟರ್ ಹೆಚ್ಚು. ಆದರೆ ಉಳಿಯುವುದು 85 ಅಗಲದ, 3.50 ಉದ್ದದ ಪಟ್ಟಿ. ಅದನ್ನು 1.70ರ ಎರಡು ತುಂಡುಗಳಾಗಿ ಮಾಡಿದರೆ 1.55ನ್ನು ಮುಚ್ಚುತ್ತದೆ, ಉಗ್ರಾಣಕ್ಕೆ 1.50 ಸಾಕು. ನಡುಮನೆ ಮತ್ತು ಪ್ಯಾಸೇಜಿಗೆ 11.70, ಮಲಗುವ ಕೋಣೆ ಮತ್ತು ಉಗ್ರಾಣಕ್ಕೆ 7.00, ಒಟ್ಟು 18.70. ನನ್ನ ಮೊದಲನೆಯ ಲೆಕ್ಕಕ್ಕಿಂತ 2.30 ಮೀಟರ್ ಕಡಮೆ. ವಿಶೇಷವೆಂದರೆ, ದೊಡ್ಡ ಕೋಣೆಗಳೆರಡಕ್ಕೂ, ಬಿಡಿಯಾಗಿ ನೋಡಿದಾಗ ಹೆಚ್ಚು ಹಿಡಿಯುವ ದಿಕ್ಕನ್ನೇ ಆರಿಸಿದುದರಿಂದ ಈ ಉಳಿತಾಯವು ಒದಗಿತು. ಎರಡರಲ್ಲಿ ಒಂದನ್ನು ಮಾತ್ರ ತಿರುಗಿಸಿದ್ದರೆ ಇಷ್ಟು ಲಾಭವಿಲ್ಲ: ನಡುಮನೆಯೊಂದನ್ನೇ ತಿರುಗಿಸಿದ್ದರೆ 19.50 ಆಗುತ್ತಿತ್ತು, ಎಂದರೆ ತಾಯಿಯವರು ತೋರಿಸಿದ 19.40ಕ್ಕಿಂತಲೂ ಹೆಚ್ಚು. ಆದಕಾರಣ ಒಂದು ಕೋಣೆಯನ್ನು ತಿರುಗಿಸಿ ನೋಡಿ, ಲಾಭ ಕಾಣಲಿಲ್ಲವೆಂದು ಅಲ್ಲಿಗೇ ಕೈಬಿಡುವವನಿಗೆ ಈ ದಾರಿ ಎಂದಿಗೂ ಸಿಗುವುದಿಲ್ಲ. ಎಲ್ಲ ಕೋಣೆಗಳನ್ನೂ ಒಂದೇ ಸುರುಳಿಯ ಮಕ್ಕಳೆಂದು ಎಣಿಸಿ ಒಟ್ಟಿಗೆ ನೋಡಬೇಕು. ಉದ್ದಕ್ಕೇ ಹಾಸಬೇಕಾದ ಪ್ಯಾಸೇಜನ್ನು ಬಿಟ್ಟರೆ ಮೂರು ಕೋಣೆ, ಒಂದೊಂದಕ್ಕೂ ಎರಡು ದಿಕ್ಕು ಎಂದರೆ ಹಾಸುವ ಬಗೆಗಳು ಎಂಟು. ಒಂದು ಸಂಜೆಯಲ್ಲಿ ಕಾಗದದ ಮೇಲೆ ಎಲ್ಲವನ್ನೂ ನೋಡಿ ಮುಗಿಸಬಹುದು.

ಕೋಣೆಗಳು ನಾಲ್ಕಲ್ಲದೆ ನಾನೂರಾದರೆ ಕಾಗದದಿಂದ ಸಾಧ್ಯವಾಗದು. ಅಲ್ಲಿ ಗಣಿತವೇ ಬೇಕು. ಇಂಥ ಕತ್ತರಿಸುವ ಪ್ರಶ್ನೆಗಳನ್ನು ಗಣಿತದ ಶಿಸ್ತಿಗೆ ಒಳಪಡಿಸಿದವರಲ್ಲಿ ಮೊದಲಿಗನೆಂದರೆ ಲೆನಿನ್‌ಗ್ರಾಡಿನ ಲಿಯೊನಿದ್ ಕಾಂಟೊರೊವಿಚ್. ಕಾರ್ಖಾನೆಗಳ ಉತ್ಪಾದನೆಯನ್ನು ಯೋಜಿಸುವುದು ಹೇಗೆಂದು 1939ರಲ್ಲಿ ಪ್ರಕಟಿಸಿದ ಕೃತಿಯಲ್ಲಿ, ಸಾಮಗ್ರಿಯನ್ನು ಕತ್ತರಿಸುವಾಗ ಆಗುವ ನಷ್ಟವನ್ನು ಇಳಿಸುವ ಪ್ರಶ್ನೆಯನ್ನೂ ಆತ ಎತ್ತಿಕೊಂಡಿದ್ದನು. 1975ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರದಲ್ಲಿ ಆತನಿಗೆ ಪಾಲು ದೊರೆಯಿತು. ನಮ್ಮ ಮೇಸ್ತ್ರಿಗಳು ಆ ಹೆಸರನ್ನು ಕೇಳಿದವರಲ್ಲ. ಆದರೆ ಅವರ ಕಣ್ಣು ನಡೆದುಹೋದ ಹಾದಿ ಅದೇ.

ಕಡಮೆ ಹಿಡಿಯುತ್ತದೆಂಬ ಒಂದೇ ಕಾರಣಕ್ಕೆ ಒಂದು ಬಗೆಯನ್ನು ಒಪ್ಪಿಬಿಡಲಾಗದು. ಜಾಯಿಂಟು ಎಲ್ಲಿ ಬೀಳುತ್ತದೆ ಎಂಬುದನ್ನು ಕೇಳಲೇಬೇಕು. ಉದ್ದಕ್ಕೆ ಹಾಸಿದ್ದರೆ ನಡುಮನೆಯಲ್ಲಿ ಒಂದೇ ಜಾಯಿಂಟು. ಅಡ್ಡಕ್ಕೆ ಹಾಸಿದುದರಿಂದ ಎರಡಾದವು. ಇದು ನಷ್ಟವೇ ಸರಿ, ನಾನು ಅದನ್ನು ಮರೆಮಾಚುವುದಿಲ್ಲ. ಆದರೆ ನಡುಮನೆಯ ದೊಡ್ಡ ಕಿಟಕಿಯಿರುವುದು 4.60ರ ಗೋಡೆಯಲ್ಲಿ, ಅಡ್ಡಕ್ಕೆ ಹಾಸಿದ ಪಟ್ಟಿಗಳ ಜಾಯಿಂಟುಗಳು ಆ ಕಿಟಕಿಯ ಕಡೆಗೇ ಓಡುತ್ತವೆ. ಬೆಳಕು ಜಾಯಿಂಟಿನ ಉದ್ದಕ್ಕೂ ಹರಿದರೆ ಕೂಡಿದ ಗೆರೆಯು ಕಾಣಿಸುವುದೇ ಇಲ್ಲವೆನ್ನಬಹುದು. ಬೆಳಕು ಅದನ್ನು ಅಡ್ಡಹಾದರೆ, ಎಷ್ಟೇ ನಯವಾಗಿ ಕೂಡಿಸಿದ್ದರೂ ಆ ಅಂಚಿನ ನೆರಳು ಸಂಜೆಯ ಹೊತ್ತಿಗೆ ಗೀರಿನಂತೆ ಎದ್ದು ತೋರುತ್ತದೆ. ಎರಡನೆಯದಾಗಿ, ಬಾಗಿಲ ಎದುರಿಗೆ, ದಿನಕ್ಕೆ ನೂರು ಸಲ ಕಾಲು ಸವೆಯುವ ಜಾಗದಲ್ಲಿ ಜಾಯಿಂಟು ಬರಕೂಡದು. ಮೇಸ್ತ್ರಿಗಳು ಎಡಗೋಡೆಯಿಂದ ಟೇಪನ್ನು ಎಳೆದು, ಮೊದಲನೆಯ ಜಾಯಿಂಟು 1.92 ಮೀಟರಿನಲ್ಲಿ, ಎರಡನೆಯದು 3.87ರಲ್ಲಿ ಬೀಳುತ್ತದೆಂದು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿ ತೋರಿಸಿದರು. ಪ್ಯಾಸೇಜಿನ ಬಾಗಿಲು ಅವೆರಡರ ನಡುವೆ ಸುರಕ್ಷಿತವಾಗಿತ್ತು. ಬಲಗೋಡೆಯಿಂದಲೇ ಆರಂಭಿಸಿದ್ದರೆ ಒಂದು ಜಾಯಿಂಟು ಸರಿಯಾಗಿ ಹೊಸ್ತಿಲ ನಡುವಿಗೆ ಬರುತ್ತಿತ್ತು. ಆಗ 18.70ರ ಲೆಕ್ಕವು ಕಾಗದದ ಮೇಲೆ ಅದೇ ಆಗಿದ್ದರೂ ನೆಲದ ಮೇಲೆ ಕೆಟ್ಟ ಕೆಲಸವಾಗುತ್ತಿತ್ತು. ಕಿರಿದಾದ ಮೂರನೆಯ ಪಟ್ಟಿಯು ದಿವಾನದ ಕೆಳಗೆ ಹೋಯಿತು. ಮಲಗುವ ಕೋಣೆಯ ಜಾಯಿಂಟು ಮಂಚದ ಕೆಳಗೆ.

ಮತ್ತೊಂದು ವಿಧಿಯಿದೆ. ಒಂದೇ ಕೋಣೆಯಲ್ಲಿ ಒಂದು ಪಟ್ಟಿ ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ಬರುವಂತೆ ಚೂರುಗಳನ್ನು ತಿರುಗಿಸಿ ತುಂಬಬಾರದು. ನಮ್ಮ ಉಪಾಯದಲ್ಲಿ ಕೋಣೆಯೆಲ್ಲ ಒಟ್ಟಾಗಿ ತಿರುಗಿತೇ ಹೊರತು, ಕೋಣೆಯೊಳಗಿನ ಯಾವ ಚೂರೂ ಬೇರೆ ದಿಕ್ಕಿಗೆ ಮಲಗಲಿಲ್ಲ. ವಿನೈಲಿನಲ್ಲಿ ಇದು ವಿನ್ಯಾಸದ ಓಟಕ್ಕೆ ಸಂಬಂಧಿಸಿದ ಮಾತು. ನೆಲಗಂಬಳಿಯಲ್ಲಿ ಇದು ಬಣ್ಣದ ಮಾತೇ ಆಗುತ್ತದೆ. ಗೋಡೆಯಿಂದ ಗೋಡೆಗೆ ಹಾಸುವ ಕಾರ್ಪೆಟ್ಟಿನ ಎಳೆಗಳು ನೇರವಾಗಿ ನಿಂತಿರದೆ ಒಂದು ಕಡೆಗೆ ಒರಗಿಕೊಂಡಿರುತ್ತವೆ. ಅಂಗೈಯಿಂದ ಸವರಿದರೆ ಒಂದು ದಿಕ್ಕಿಗೆ ಕೈ ಜಾರುತ್ತದೆ, ಎದುರು ದಿಕ್ಕಿಗೆ ತಡೆಯುತ್ತದೆ. ಕೈ ಜಾರುವ ದಿಕ್ಕಿನಿಂದ ನೋಡಿದರೆ ಬಣ್ಣ ತಿಳಿಯಾಗಿ, ಎದುರಿನಿಂದ ನೋಡಿದರೆ ಗಾಢವಾಗಿ ಕಾಣುತ್ತದೆ. ಒಂದು ತುಂಡನ್ನು ತಿರುಗಿಸಿ ಪಕ್ಕದಲ್ಲಿಟ್ಟರೆ ಒಂದೇ ಥಾನಿನದಾದರೂ ಎರಡು ಬೇರೆ ಬಣ್ಣದ ಕಂಬಳಿಗಳಂತೆ ತೋರುವುದು ಇದರಿಂದಲೇ. ಆದುದರಿಂದ ತುಂಡುಗಳನ್ನು ಕತ್ತರಿಸುವ ಮೊದಲೇ ಪ್ರತಿಯೊಂದರ ಹಿಂಬದಿಯಲ್ಲಿಯೂ ಸುರುಳಿಯ ತುದಿಯ ಕಡೆಗೆ ಮುಖಮಾಡಿದ ಒಂದು ಬಾಣವನ್ನು ಬರೆದುಬಿಡಬೇಕು; ಕತ್ತರಿಸಿ ಹರಡಿದ ಮೇಲೆ ಯಾವುದು ತಲೆ, ಯಾವುದು ಕಾಲು ಎಂದು ಗುರುತಿಸುವುದು ಕಷ್ಟ.

ಹಾಸಿನ ಮೇಲೆ ದೊಡ್ಡ ಹೂವೋ ಚೌಕವೋ ಇದ್ದರೆ ಲೆಕ್ಕವೇ ಬೇರೆಯಾಗುತ್ತದೆ. 60 ಸೆಂಟಿಮೀಟರಿಗೊಮ್ಮೆ ಮರುಕಳಿಸುವ ವಿನ್ಯಾಸವೆಂದಿಟ್ಟುಕೊಳ್ಳೋಣ: ಪಕ್ಕಪಕ್ಕದ ಪಟ್ಟಿಗಳಲ್ಲಿ ಹೂವಿಗೆ ಹೂವು ಕೂಡಬೇಕಾದರೆ, 3.90ರ ಪಟ್ಟಿಯನ್ನು ಕತ್ತರಿಸಿದ ಮೇಲೆ ಮುಂದಿನ ಪಟ್ಟಿಯನ್ನು 4.20ರಿಂದಲೇ ಆರಂಭಿಸಬೇಕಾಗುತ್ತದೆ, ನಡುವಣ 30 ಸೆಂಟಿಮೀಟರ್ ವ್ಯರ್ಥ. ಮೂರು ಪಟ್ಟಿಗಳ ನಡುವೆ ಎರಡು ಸಲ ಹೀಗಾಗಿ ನಡುಮನೆಗೆ 12.30 ಹಿಡಿಯುತ್ತಿತ್ತು, ಒಂದೂವರೆ ಮೀಟರಿನ ನಮ್ಮ ಉಳಿತಾಯವು ಒಂದು ಮೀಟರಿಗೆ ಇಳಿಯುತ್ತಿತ್ತು. ಪಟ್ಟಿಗಳು ಹೆಚ್ಚಾದಷ್ಟೂ ಈ ದಂಡವೂ ಹೆಚ್ಚು. ನಾವು ಸಣ್ಣ ಚುಕ್ಕೆಗಳ ಬೂದುಬಣ್ಣದ ಹಾಸನ್ನು ಆರಿಸಿದ್ದುದರಿಂದ ಈ ತಾಪತ್ರಯ ಬರಲಿಲ್ಲ. ತಾಯಿಯವರಿಗೆ ಹೂವಿನದೇ ಇಷ್ಟವಾಗಿತ್ತು. ಲೆಕ್ಕವನ್ನು ಕೇಳಿದ ಮೇಲೆ ಅವರೇ ಬೇಡವೆಂದರು.

ಅಂಗಡಿಯಲ್ಲಿ ನಡೆದುದನ್ನು ಹೇಳಲೇಬೇಕು, ಏಕೆಂದರೆ ಹೆಚ್ಚು ಜನ ಎಡವುವುದು ಅಲ್ಲಿಯೇ. ಅಲ್ಲಿಯ ಹುಡುಗನು ಕೋಣೆಗಳ ಅಳತೆಯನ್ನು ಕೇಳಿ, ಉದ್ದವನ್ನು ಅಗಲದಿಂದ ಗುಣಿಸಿ, ನಾಲ್ಕನ್ನೂ ಕೂಡಿಸಿ 33.78 ಚದರ ಮೀಟರ್ ಎಂದನು. ವೇಸ್ಟಿಗೆಂದು ನೂರಕ್ಕೆ ಹತ್ತು ಸೇರಿಸಿ, ಅದನ್ನು ಸುರುಳಿಯ ಅಗಲದಿಂದ ಭಾಗಿಸಿ, 18.58 ಮೀಟರ್ ಸಾಕೆಂದು ಕ್ಯಾಲ್ಕುಲೇಟರನ್ನು ನನ್ನ ಕಡೆಗೆ ತಿರುಗಿಸಿದನು. ಗುಣಾಕಾರದಲ್ಲಿ ತಪ್ಪಿರಲಿಲ್ಲ. ಆದರೆ ಚದರ ಮೀಟರೆಂಬುದು ನೀರಿನಂತೆ ಎಲ್ಲಿಗೆ ಬೇಕಾದರೂ ಹರಿದು ತುಂಬಿಕೊಳ್ಳುವ ವಸ್ತುವೆಂದು ಭಾವಿಸುವ ಲೆಕ್ಕ ಅದು. ವಿನೈಲು ಹಾಗಲ್ಲ, ಅದಕ್ಕೆ ಅಗಲವೊಂದಿದೆ. ನಾವು ಕಂಡುಕೊಂಡ ಅತ್ಯಂತ ಮಿತವಾದ ಬಗೆಗೂ ಆ 18.58 ಮೀಟರಿನಲ್ಲಿ 12 ಸೆಂಟಿಮೀಟರ್ ಕೊರೆ ಬೀಳುತ್ತಿತ್ತು. ಕೋಣೆ ಕೋಣೆಗೂ ಬೇರೆಬೇರೆಯಾಗಿ ಕತ್ತರಿಸುವವರಿಗಂತೂ 2.42 ಮೀಟರ್. ಹನ್ನೆರಡು ಸೆಂಟಿಮೀಟರ್ ತಾನೆ, ಮಾರ್ಜಿನ್ನಿನಲ್ಲಿ ಒಂದಿಷ್ಟು ಕದ್ದರೆ ಆದೀತೆಂದು ತೋರಬಹುದು. ನೆಟ್ಟಗಿರುವ ಗೋಡೆಗಳ ಹೊಸ ಮನೆಯಲ್ಲಿ ಆದೀತು. ಮೂರು ಸೆಂಟಿಮೀಟರ್ ಸೊಟ್ಟಗಿರುವ ಗೋಡೆಗಳ ನಡುವೆ ಆ ಧೈರ್ಯ ಸಲ್ಲದು. ಕಡೆಯ ಪಟ್ಟಿಯು ಗೋಡೆಗೆ ನಾಲ್ಕು ಬೆರಳು ಮುಟ್ಟದೆ ನಿಂತರೆ, ಬೇಕಾಗುವುದು ನಾಲ್ಕು ಬೆರಳಿನ ಚೂರಲ್ಲ, ಇನ್ನೊಂದು ಇಡೀ ಪಟ್ಟಿ.

ಆ ಪಟ್ಟಿಯನ್ನು ತರಲು ಮತ್ತೆ ಅಂಗಡಿಗೆ ಹೋದಾಗ ಅದೇ ಲಾಟಿನ ಸುರುಳಿ ಉಳಿದಿರುತ್ತದೆಂಬ ಭರವಸೆಯಿಲ್ಲ. ನನ್ನ ಆಪ್ತರೊಬ್ಬರ ಮನೆಯಲ್ಲಿ ಹೀಗೆಯೇ ಆಯಿತು. ಚದರದ ಲೆಕ್ಕದಲ್ಲಿ ತಂದ ಹಾಸು ಒಂದು ಪಟ್ಟಿಯಷ್ಟು ಸಾಲದೆ, ಎರಡು ತಿಂಗಳ ಮೇಲೆ ಅದೇ ನಂಬರಿನ, ಅದೇ ಹೆಸರಿನ ಸುರುಳಿಯಿಂದ ತಂದು ಹಾಕಿಸಿದರು. ಅಂಗಡಿಯ ದೀಪದಲ್ಲಿ ಎರಡೂ ಒಂದೇ ಆಗಿದ್ದವು. ಮನೆಯ ಹಗಲಿನ ಬೆಳಕಿನಲ್ಲಿ ಹೊಸ ಪಟ್ಟಿಯು ಹಳದಿಗೆ ತಿರುಗಿದಂತೆ ಕಾಣುತ್ತದೆ, ಇಂದಿಗೂ. ಸುರುಳಿಯ ಮೇಲೆ ಅಂಟಿಸಿರುವ ಚೀಟಿಯಲ್ಲಿ ಲಾಟಿನ ಸಂಖ್ಯೆಯು ಇರುತ್ತದೆ. ಬೇಕಾದುದೆಲ್ಲವನ್ನೂ ಒಂದೇ ಲಾಟಿನಿಂದ, ಸಾಧ್ಯವಾದರೆ ಒಂದೇ ಸುರುಳಿಯಿಂದ, ಒಂದೇ ದಿನ ಕೊಳ್ಳತಕ್ಕದ್ದು. ಸುರುಳಿಯ ಅಗಲವನ್ನೂ ಅಲ್ಲಿಯೇ ಟೇಪು ಹಿಡಿದು ನೋಡುವುದು ಒಳ್ಳೆಯದು. ಎರಡು ಮೀಟರೆಂದು ಬರೆದಿರುವುದು 1.98 ಇದ್ದರೆ ಉಗ್ರಾಣದ ಲೆಕ್ಕವೇ ತಪ್ಪಿಹೋಗುತ್ತದೆ. ನಮ್ಮದು ಸರಿಯಾಗಿ ಎರಡು ಮೀಟರೇ ಇತ್ತು. ನಾವು 19 ಮೀಟರನ್ನು ಕತ್ತರಿಸಿಕೊಂಡೆವು.

ತಂದ ಸುರುಳಿಯನ್ನು ಒಂದು ದಿನ ನಡುಮನೆಯಲ್ಲಿ ಬಿಚ್ಚಿ ಸಡಿಲವಾಗಿ ಹರಡಿದ್ದೆವು. ಸುತ್ತಿಕೊಂಡಿದ್ದ ನೆನಪು ಹೋಗುವವರೆಗೆ ಅದು ನೆಲಕ್ಕೆ ಒರಗುವುದಿಲ್ಲ. ಮೇಸ್ತ್ರಿಗಳು ಮೊದಲು ಮಾಡಿದುದು, ಅಂಗಡಿಯಲ್ಲಿ ಕೈಯಂದಾಜಿನಿಂದ ಕತ್ತರಿಸಿದ್ದ ತುದಿಯನ್ನು ಮೂಲೆಮಟ್ಟವಿಟ್ಟು ಚೌಕಮಾಡಿದುದು. ಅದಕ್ಕೆ ಒಂದೂವರೆ ಸೆಂಟಿಮೀಟರ್ ಹೋಯಿತು. ಆಮೇಲೆ 3.90ರ ಮೂರು ಪಟ್ಟಿಗಳು, ಅವುಗಳ ನಂತರವೇ 3.50ರ ಎರಡು. ಉದ್ದವಾದವನ್ನು ಮೊದಲು ಕತ್ತರಿಸುವುದು ಕೇವಲ ರೂಢಿಯಲ್ಲ: ಉದ್ದದ ಪಟ್ಟಿಯಲ್ಲಿ ಕೈ ತಪ್ಪಿದರೆ ಅದನ್ನು ಗಿಡ್ಡದಕ್ಕೆ ಬಳಸಿಕೊಳ್ಳಬಹುದು, ಗಿಡ್ಡದವನ್ನು ಮೊದಲೇ ಕತ್ತರಿಸಿ ಮುಗಿಸಿದ್ದರೆ ತಪ್ಪಿದ ಉದ್ದದ ಪಟ್ಟಿಗೆ ಗತಿಯಿಲ್ಲ.

ಮೂರನೆಯ ಪಟ್ಟಿಯನ್ನು ಸೀಳುವಾಗ ಅವರು ತೋರಿದ ಎಚ್ಚರವನ್ನು ನಾನು ಪಕ್ಕದಲ್ಲಿಯೇ ಕುಳಿತು ನೋಡಿದೆನು. ಲೆಕ್ಕದಂತೆ ಅದರಲ್ಲಿ ನಡುಮನೆಗೆ 80, ಪ್ಯಾಸೇಜಿಗೆ 110, ಒಟ್ಟು 190. ಹತ್ತು ಸೆಂಟಿಮೀಟರ್ ಹೆಚ್ಚು. ಆ ಹತ್ತನ್ನು ಅವರು ಕತ್ತರಿಸಿ ತೆಗೆಯಲಿಲ್ಲ. ಮೊದಲೆರಡು ಪಟ್ಟಿಗಳನ್ನು ಅಂಟಿಲ್ಲದೆ ಹಾಸಿ, ಬಲಗೋಡೆಯವರೆಗೆ ಉಳಿದಿದ್ದ ನೆಲವನ್ನು ಒಂದು ಮೊಳಕ್ಕೊಂದರಂತೆ ಅಳೆದು, ಕಿಟಕಿಯ ಕಡೆಗೆ ಗೋಡೆಯು ಎರಡು ಸೆಂಟಿಮೀಟರ್ ಹಿಂದೆ ಸರಿದಿರುವುದನ್ನು ಕಂಡು, ನಡುಮನೆಯ ಭಾಗಕ್ಕೆ 90 ಬರುವಂತೆ ಗೆರೆ ಎಳೆದರು. ಬಳಿಕ ಉಕ್ಕಿನ ಪಟ್ಟಿಯನ್ನು ಮೊಣಕಾಲಿನಿಂದ ಒತ್ತಿ ಹಿಡಿದು, ಚಾಕುವನ್ನು ಮೊದಲ ಸಲ ಹಗುರಾಗಿ, ಎರಡನೆಯ ಸಲ ಒತ್ತಿ, ಸ್ವಲ್ಪವೂ ನಿಲ್ಲಿಸದೆ 3.90 ಮೀಟರಿನ ಉದ್ದಕ್ಕೂ ಹಿಂದೆ ಹಿಂದೆ ಸರಿಯುತ್ತ ಎಳೆದುಕೊಂಡು ಹೋದರು. ಪ್ಯಾಸೇಜಿನ ಪಟ್ಟಿಯು ಒಂದೇ ತುಂಡಾಗಿ ಬಿಡಿಸಿಕೊಂಡಿತು. ತಾಯಿಯವರು ಕುರ್ಚಿಯಲ್ಲಿ ಕುಳಿತಲ್ಲಿಂದಲೇ ಅದನ್ನು ನೋಡಿ, "ಕೈ ನಡುಗಲೇ ಇಲ್ಲ ನೋಡು," ಎಂದರು.

ಎಲ್ಲ ಮುಗಿದ ಮೇಲೆ ಉಳಿದ ಚೂರುಗಳು ಒಂದು ಗೋಣಿಚೀಲಕ್ಕೆ ಅರ್ಧವೂ ಆಗಲಿಲ್ಲ. ಅವುಗಳಲ್ಲಿ ಹೆಚ್ಚಿನವು ಗೋಡೆಯ ಬುಡದಿಂದ ಬಂದ ಎರಡು ಮೂರು ಬೆರಳಗಲದ ಎಳೆಗಳು. ಹತ್ತೊಂಬತ್ತು ಮೀಟರಿನ ಕೊನೆಯಲ್ಲಿ ಮಿಕ್ಕಿದ್ದ, ಇಪ್ಪತ್ತೆಂಟು ಸೆಂಟಿಮೀಟರ್ ಉದ್ದದ, ಎರಡು ಮೀಟರ್ ಅಗಲದ ತುಂಡನ್ನು ಮೇಸ್ತ್ರಿಗಳು ಚಿತ್ರವಿರುವ ಮುಖ ಹೊರಗೆ ಬರುವಂತೆ ಸುತ್ತಿ, ನೂಲಿನಿಂದ ಕಟ್ಟಿ ಕೊಟ್ಟರು. ಎಂದಾದರೂ ಕಿಡಿ ಬಿದ್ದು ಸುಟ್ಟರೆ, ಮಂಚದ ಕಾಲು ಎಳೆದು ಹರಿದರೆ, ಅದೇ ಲಾಟಿನ ತೇಪೆ ಹಾಕಲು ಅದು ಬೇಕು. ಅದು ಈಗ ಉಗ್ರಾಣದ ಅಟ್ಟದ ಮೇಲಿದೆ.